ವಿಮಾನ ಹಿಡಿಯುವವರು ಮೆಜೆಸ್ಟಿಕ್ ತನಕ ಹೋಗಬೇಕಾ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅಪ್ಪ, ಅಮ್ಮ ಬಳ್ಳಾರಿಯಿಂದ ರಾತ್ರಿ ರೈಲು ಹತ್ತಿದರು. ಬೆಳಿಗ್ಗೆ ಬೆಂಗಳೂರಿಗೆ ಬಂದು, ಅದೇ ದಿನ 11.20ಕ್ಕೆ ಗುವಾಹಟಿಯ ವಿಮಾನ ಹಿಡಿಯಬೇಕಿತ್ತು. ಅಪ್ಪನಿಗೆ 71 ವರ್ಷ. ಕೈಯಲ್ಲಿ ಎರಡು ದೊಡ್ಡ ಸೂಟ್‌ಕೇಸು, ತಮ್ಮನ ಮನೆಗೆಂದು ಅಮ್ಮ ಕಟ್ಟಿದ್ದ ರೊಟ್ಟಿ, ಚಟ್ನಿಪುಡಿ ಗಂಟು ಬೇರೆ. ರೈಲು ಮೆಜೆಸ್ಟಿಕ್ಕಿನ ನಿಲ್ದಾಣಕ್ಕೆ 7 ಗಂಟೆಗೆ ಬರಬೇಕು. ನಾಲ್ಕು ಗಂಟೆ ಟೈಮ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆವು. ಅವತ್ತು ರೈಲು ಎರಡು ಗಂಟೆ ತಡ. ಆದರೂ ಅವರಿಗೆ ವಿಮಾನ ಸಿಕ್ಕಿತು. ಅದು ಹೇಗೆ ಸಿಕ್ಕಿತು ಅನ್ನುವುದನ್ನು ನಮ್ಮ ಕಡೆಯ ಬೇರೆ ಪ್ರಯಾಣಿಕರಿಗೂ ತಿಳಿಸಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಾವೆಲ್ಲ ವಿಮಾನ ಹೊರಡುವ ಹೊತ್ತನ್ನು ಹಿಡಿದು ಲೆಕ್ಕ ಹಾಕುತ್ತೇವೆ. ಅದು ತಪ್ಪು. ದೇಶದೊಳಗಿನ ವಿಮಾನಗಳಿಗೆ ಬ್ಯಾಗ್ ಪಡೆಯುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಅಂದರೆ 11.20ರ ವಿಮಾನಕ್ಕೆ ಅಪ್ಪನ ನಿಜವಾದ ಗಡುವು 10.20. ಮೊಬೈಲ್‌ನಲ್ಲಿ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ತೆಗೆದಿಟ್ಟಿದ್ದರೂ ಸೂಟ್‌ಕೇಸ್ ಇದ್ದರೆ ಈ ಗಡುವು ತಪ್ಪಲ್ಲ. ಎರಡು ವರ್ಷದ ಹಿಂದೆ ನಾನು ಇದೇ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ಪಾಸ್ ಕೈಯಲ್ಲಿತ್ತು, ವಿಮಾನ ಹೊರಡಲು ಇನ್ನೂ 50 ನಿಮಿಷ ಇತ್ತು. ಬ್ಯಾಗ್ ತಗೊಳ್ಳಲಿಲ್ಲ. ಕೈಚೀಲ ಒಂದೇ ಇದ್ದಿದ್ದರೆ ನೇರ ತಪಾಸಣೆಗೆ ಹೋಗಬಹುದಿತ್ತು.

ಅವತ್ತು ಬೆಳಿಗ್ಗೆ ಆರಕ್ಕೆ ನಾನು ಬಳ್ಳಾರಿಯಲ್ಲಿ ಕೂತು ಮೊಬೈಲ್‌ನಲ್ಲಿ ರೈಲು ಎಲ್ಲಿದೆ ಅಂತ ನೋಡುತ್ತಿದ್ದೆ. ಇನ್ನೂ ಹಿಂದೂಪುರದ ಹತ್ತಿರ ಇತ್ತು. ಮೆಜೆಸ್ಟಿಕ್ ಮುಟ್ಟುವುದು 9 ಗಂಟೆಗೆ. ಪ್ಲಾಟ್‌ಫಾರ್ಮ್‌ನಿಂದ ಸಾಮಾನು ಎತ್ತಿಕೊಂಡು ಹೊರಗೆ ಬಂದು ಟ್ಯಾಕ್ಸಿ ಹಿಡಿಯುವಷ್ಟರಲ್ಲಿ 9.20. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹತ್ತಿರ ಹತ್ತಿರ 35 ಕಿ.ಮೀ. ಆ ಹೊತ್ತಿನಲ್ಲಿ ಮೇಕ್ರಿ ಸರ್ಕಲ್, ಹೆಬ್ಬಾಳ ದಾಟುವುದಕ್ಕೇ ಎಷ್ಟು ಹೊತ್ತು ಬೇಕು ಅಂತ ಬೆಂಗಳೂರಿನವರಿಗೆ ಗೊತ್ತು. ಏನೂ ಅಡ್ಡಿ ಆಗದೆ ಒಂದೂಕಾಲು ಗಂಟೆಯಲ್ಲಿ ಮುಟ್ಟಿದರೂ 10.35 ಆಗುತ್ತಿತ್ತು. ಕೌಂಟರ್ ಮುಚ್ಚಿ ಕಾಲು ಗಂಟೆ ಆಗಿರುತ್ತಿತ್ತು.

ಅವರನ್ನು ಉಳಿಸಿದ್ದು ಎದುರಿನ ಸೀಟಿನಲ್ಲಿದ್ದ ಹೊಸಪೇಟೆಯ ಒಬ್ಬ ತಾಯಿ. "ಯಜಮಾನ್ರೇ, ನೀವು ಯಲಹಂಕದಲ್ಲೇ ಇಳ್ಕೊಳ್ಳಿ. ಮೆಜೆಸ್ಟಿಕ್ ತನಕ ಹೋದ್ರೆ ಮತ್ತೆ ಇದೇ ದಿಕ್ಕಿಗೆ ವಾಪಸ್ ಬರಬೇಕಾಗುತ್ತೆ" ಅಂದರಂತೆ. ಅಪ್ಪ ಒಪ್ಪಲಿಲ್ಲ. ನನಗೆ ಫೋನ್ ಮಾಡಿ, "ಟಿಕೆಟ್ ಬೆಂಗಳೂರಿನ ತನಕ ಐತಿ, ನಡುವೆ ಯಾಕೆ ಇಳೀಬೇಕು?" ಅಂದರು. ನಾನು ಮ್ಯಾಪ್ ತೆಗೆದು ನೋಡಿದೆ. ಆ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು.

ವಿಮಾನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ. ಬಳ್ಳಾರಿ, ಗುಂತಕಲ್, ಧರ್ಮಾವರಂ, ಹಿಂದೂಪುರ ಮಾರ್ಗದ ರೈಲುಗಳು ಬೆಂಗಳೂರಿಗೆ ಬರುವುದೂ ಉತ್ತರದಿಂದಲೇ. ಗೌರಿಬಿದನೂರು, ದೊಡ್ಡಬಳ್ಳಾಪುರ ಆದ ಮೇಲೆ ಯಲಹಂಕ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 18 ಕಿ.ಮೀ. ಮಾತ್ರ. ಮಧ್ಯೆ ಹೆಬ್ಬಾಳ ಬರುವುದೇ ಇಲ್ಲ. ಬೆಳಿಗ್ಗೆ ಊರೊಳಗೆ ಬರುವ ವಾಹನಗಳೇ ಜಾಸ್ತಿ, ಹೊರಗೆ ಹೋಗುವ ಕಡೆ ಅಷ್ಟು ಇಕ್ಕಟ್ಟು ಇರಲ್ಲ. ಮೆಜೆಸ್ಟಿಕ್ ತನಕ ಹೋದರೆ ರೈಲಿನಲ್ಲಿ ದಕ್ಷಿಣಕ್ಕೆ ಹೋಗಿ, ಟ್ಯಾಕ್ಸಿಯಲ್ಲಿ ಮತ್ತೆ ಉತ್ತರಕ್ಕೆ ಬಂದಂತೆ.

ಇನ್ನೊಂದು ಸಂಗತಿಯೂ ಇದೆ. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹಳಿಯ ದೂರ 20 ಕಿ.ಮೀ. ಕೂಡ ಇಲ್ಲ. ಆದರೂ ಹಲವು ರೈಲುಗಳ ವೇಳಾಪಟ್ಟಿಯಲ್ಲಿ ಅದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೊಟ್ಟಿರುತ್ತಾರೆ. ದಾರಿಯಲ್ಲಿ ಆದ ತಡ ಕೊನೆಯಲ್ಲಿ ಸರಿಹೋಗಲಿ ಅಂತ ಕಡೇ ನಿಲ್ದಾಣದ ಮುಂಚೆ ಸ್ವಲ್ಪ ಹೆಚ್ಚುವರಿ ಸಮಯ ಸೇರಿಸುವುದು ರೈಲ್ವೆಯ ಪದ್ಧತಿ. ಹಾಗಾಗಿ ಯಲಹಂಕದಲ್ಲಿ ಇಳಿದವರಿಗೆ ರಸ್ತೆಯ ದೂರ ಅರ್ಧ ಉಳಿಯುತ್ತದೆ, ರೈಲಿನ ಸಮಯ ಮುಕ್ಕಾಲು ಗಂಟೆಗೂ ಜಾಸ್ತಿ ಉಳಿಯುತ್ತದೆ.

ಅಪ್ಪ, ಅಮ್ಮ 8.05ಕ್ಕೆ ಯಲಹಂಕದಲ್ಲಿ ಇಳಿದರು. ಅಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಅಷ್ಟೇ. ಮೆಜೆಸ್ಟಿಕ್‌ನಲ್ಲಿ ಇಳಿದಂತೆ ನಿಧಾನವಾಗಿ ಇಳಿಯಲು ಆಗಲ್ಲ. ದೊಡ್ಡಬಳ್ಳಾಪುರ ದಾಟುತ್ತಿದ್ದಂತೆ ಸಾಮಾನನ್ನು ಬಾಗಿಲ ಹತ್ತಿರ ತಂದಿಟ್ಟುಕೊಳ್ಳಬೇಕು. ಅವರಿಗೆ ಸಹಪ್ರಯಾಣಿಕರು ಸೂಟ್‌ಕೇಸ್ ಇಳಿಸಿಕೊಟ್ಟರು. ಹೊರಗೆ ಬಂದು ಟ್ಯಾಕ್ಸಿ ಸಿಗುವಷ್ಟರಲ್ಲಿ 8.30. ಟರ್ಮಿನಲ್ ಬಾಗಿಲಲ್ಲಿ ಇಳಿದಾಗ 9.10. ಸೂಟ್‌ಕೇಸ್ ಕೊಟ್ಟು, ತಪಾಸಣೆ ಮುಗಿಸಿ, ಒಳಗೆ ಕೂತು ಅಮ್ಮ ಕಟ್ಟಿದ್ದ ರೊಟ್ಟಿಯಲ್ಲಿ ಎರಡು ತಿಂದರಂತೆ. ನನಗೆ ಇಲ್ಲಿ ಆಗ ಉಸಿರು ಬಂತು.

ಟ್ಯಾಕ್ಸಿ ಹತ್ತುವಾಗ ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ನೋಡಿಕೊಂಡು ಚಾಲಕರಿಗೆ ಹೇಳಬೇಕು. ಈಗ ಅಲ್ಲಿ ಎರಡಿವೆ. ವಿದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ದೇಶದೊಳಗಿನವು ಕಂಪನಿಯನ್ನು ನೋಡಿ ಎರಡರಲ್ಲೂ ಇರುತ್ತವೆ. ತಪ್ಪು ಬಾಗಿಲಲ್ಲಿ ಇಳಿದರೆ ಅಷ್ಟು ಹೊತ್ತು ದಂಡ. ಆಟೊ ಅಗ್ಗ ಅಂತ ಹತ್ತುವವರು ಅದು ಟರ್ಮಿನಲ್ ತನಕ ಹೋಗಲ್ಲ ಅನ್ನುವುದು ನೆನಪಿಡಬೇಕು.

ವಿಮಾನ ನಿಲ್ದಾಣಕ್ಕೇ ರೈಲು ಇದೆಯಲ್ಲ ಅಂತ ಕೆಲವರು ಕೇಳಬಹುದು. ನಿಜ. ಯಲಹಂಕ–ದೇವನಹಳ್ಳಿ ಮಾರ್ಗದಲ್ಲಿ 2021ರ ಜನವರಿಯಿಂದ ಒಂದು ಹಾಲ್ಟ್ ನಿಲ್ದಾಣ ಇದೆ. ಅಲ್ಲಿಂದ ಟರ್ಮಿನಲ್‌ಗೆ ಷಟಲ್ ಬಸ್ಸೂ ಇದೆ. ಆದರೆ ಅಲ್ಲಿ ನಿಲ್ಲುವ ರೈಲುಗಳು ದಿನಕ್ಕೆ ಕೆಲವೇ ಕೆಲವು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಎರಡು ಗಂಟೆ ತಡವಾಗಿ ಬಂದವರು ಅದನ್ನು ನಂಬಿ ಕೂರಲು ಆಗಲ್ಲ.

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ ಕಡೆಯವರ ದಾರಿ ಬೇರೆ. ಅವರ ರೈಲು ತುಮಕೂರು ಮೇಲೆ ಬರುತ್ತದೆ, ಯಲಹಂಕಕ್ಕೆ ಹೋಗಲ್ಲ. ಅಂಥವರು ಮೆಜೆಸ್ಟಿಕ್ ಬದಲು ಯಶವಂತಪುರದಲ್ಲಿ ಇಳಿದರೆ ಸ್ವಲ್ಪ ಉಳಿಯುತ್ತದೆ, ಆದರೆ ಹೆಬ್ಬಾಳ ತಪ್ಪಲ್ಲ. ತೀರಾ ತಡವಾಗಿದ್ದರೆ ತುಮಕೂರಿನಲ್ಲೇ ಇಳಿದು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಹೊಸ ಹೆದ್ದಾರಿಯಲ್ಲಿ ದೇವನಹಳ್ಳಿಗೆ ಹೋಗುವ ದಾರಿಯೂ ಇದೆ. ದೂರ ಜಾಸ್ತಿ, ಟ್ಯಾಕ್ಸಿಗೆ ದುಡ್ಡೂ ಜಾಸ್ತಿ. ಆದರೆ ಬೆಂಗಳೂರಿನ ಒಳಗೆ ಕಾಲಿಡುವುದೇ ಬೇಡ. ಮೈಸೂರಿನವರಿಗೆ ಈ ತಾಪತ್ರಯ ಇಲ್ಲ. ಅವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕೇ ಬಿಡುತ್ತದೆ.

ರೈಲು ತಡವಾಗಿ ವಿಮಾನ ತಪ್ಪಿದರೆ ಯಾರು ಹೊಣೆ? ಟಿಕೆಟ್ ಎರಡು ಬೇರೆ ಬೇರೆ. ವಿಮಾನ ಕಂಪನಿಗೆ ನಿಮ್ಮ ರೈಲಿನ ಕಥೆ ಬೇಕಿಲ್ಲ. ಒಂದು ವಿಮಾನದಿಂದ ಇನ್ನೊಂದಕ್ಕೆ ಒಂದೇ ಟಿಕೆಟ್‌ನಲ್ಲಿ ಹೋಗುವಾಗ ಸಿಗುವ ಬದಲಿ ಸೀಟು ಇಲ್ಲಿ ಸಿಗಲ್ಲ. ಆದರೆ ರೈಲ್ವೆ ಪೂರ್ತಿ ಕೈತೊಳೆದುಕೊಳ್ಳಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಆ ಪ್ರಕರಣ ನಮ್ಮದರಂಥದ್ದೇ. 2016ರ ಜೂನ್‌ನಲ್ಲಿ ಒಂದು ಕುಟುಂಬ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್‌ನಲ್ಲಿ ಜಮ್ಮುವಿಗೆ ಹೊರಟಿತ್ತು. ಬೆಳಿಗ್ಗೆ 8.10ಕ್ಕೆ ಮುಟ್ಟಬೇಕಿದ್ದ ರೈಲು ಮುಟ್ಟಿದ್ದು ಮಧ್ಯಾಹ್ನ 12ಕ್ಕೆ. ಶ್ರೀನಗರದ ವಿಮಾನವೂ 12ಕ್ಕೇ ಇತ್ತು. ವಿಮಾನ ತಪ್ಪಿತು, ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ರೈಲು ತಡವಾದರೆ ನಾವು ಹೊಣೆಯಲ್ಲ ಅಂತ ನಿಯಮ ಇದೆ ಎಂದು ರೈಲ್ವೆ ವಾದಿಸಿತು. ತಡ ಯಾಕಾಯಿತು, ಅದು ತನ್ನ ಕೈಮೀರಿದ್ದು ಹೇಗೆ ಅಂತ ರೈಲ್ವೆಯೇ ಸಾಬೀತು ಮಾಡಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು ಎಂದಿತು ಕೋರ್ಟ್. ಟ್ಯಾಕ್ಸಿಯ 15,000 ರೂಪಾಯಿ ಆ ಪರಿಹಾರದಲ್ಲಿ ಸೇರಿತ್ತು.

ಈ ತೀರ್ಪು ಇದೆ ಅಂತ ಧೈರ್ಯವಾಗಿ ಬಿಗಿ ಲೆಕ್ಕ ಹಾಕಬೇಡಿ. ಆ ಕುಟುಂಬಕ್ಕೆ ಐದು ವರ್ಷ ಹಿಡಿಯಿತು. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ರೈಲ್ವೆ ಪಾರಾಗುತ್ತದೆ. ಆದರೂ ವಿಮಾನ ತಪ್ಪಿದವರು ಸುಮ್ಮನೆ ಮನೆಗೆ ಹೋಗದೆ ಎರಡೂ ಟಿಕೆಟ್, ಆ ದಿನ ರೈಲು ಮುಟ್ಟಿದ ಹೊತ್ತಿನ ಸ್ಕ್ರೀನ್‌ಶಾಟ್, ಟ್ಯಾಕ್ಸಿ ಬಿಲ್ಲು, ಹೊಸ ಟಿಕೆಟ್ಟಿನ ರಸೀದಿ ಇಟ್ಟುಕೊಳ್ಳಬೇಕು. ಗ್ರಾಹಕರ ಆಯೋಗದಲ್ಲಿ ಕೇಳುವುದು ಅವನ್ನೇ.

ರೈಲ್ವೆ ಮತ್ತು ಬಿಎಂಟಿಸಿ ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ಇದೆ, ಒಳ್ಳೆಯ ಸೇವೆ. ಹಾಗೆಯೇ ಬೆಳಿಗ್ಗೆ 5ರಿಂದ 9ರ ತನಕ ಯಲಹಂಕ ರೈಲು ನಿಲ್ದಾಣದ ಬಾಗಿಲಿಂದಲೇ, ರೈಲು ಬರುವ ಹೊತ್ತಿಗೆ ಹೊಂದಿಸಿ ಒಂದೆರಡು ಬಸ್ ಬಿಡಿ. ನಮ್ಮವರಿಗೆ ಅವತ್ತು ಅಲ್ಲಿ ಅಂಥ ಬಸ್ ಕಾಣಲಿಲ್ಲ. ಎಲ್ಲರಿಗೂ ಟ್ಯಾಕ್ಸಿ ದುಡ್ಡು ಕೊಡಲು ಆಗಲ್ಲ ಅಲ್ವಾ? ದೊಡ್ಡಬಳ್ಳಾಪುರ ದಾಟಿದ ಮೇಲೆ ಟಿಕೆಟ್ ಪರೀಕ್ಷಕರು "ವಿಮಾನಕ್ಕೆ ಹೋಗುವವರು ಯಲಹಂಕದಲ್ಲಿ ಇಳಿಯಿರಿ" ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದರೂ ಸಾಕು. ಎದುರು ಸೀಟಿನಲ್ಲಿ ತಿಳಿದವರೊಬ್ಬರು ಪ್ರತಿ ಸಲ ಇರುವುದಿಲ್ಲ.

ಇಂತಿ,
ಬಳ್ಳಾರಿಯ ಓದುಗ