ವೇಳಾಪಟ್ಟಿ ತಯಾರಿಸುವವರ ಗಮನಕ್ಕೆ: ಲ್ಯಾಬ್ ಜೋಡಿ ಪೀರಿಯಡ್

ಎಲ್ಲರಿಗೂ ನಮಸ್ಕಾರ. ವಾರದ ಒಟ್ಟು ಪೀರಿಯಡ್ ಎಣಿಸಿ "ಹಿಡಿಸುತ್ತದೆ" ಎಂದು ಬಿಡಬೇಡಿ, ಲ್ಯಾಬ್‌ಗೆ ಬೇಕಾದ, ಬೆನ್ನುಬೆನ್ನಿಗೆ ಬರುವ ಎರಡು ಪೀರಿಯಡ್‌ಗಳ ಜೋಡಿಗಳನ್ನೂ ಎಣಿಸಿ.

ಉದಾಹರಣೆಗೆ, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7, ಶನಿವಾರ 4, ಒಟ್ಟು 39 ಪೀರಿಯಡ್. ಕಂಪ್ಯೂಟರ್ ಲ್ಯಾಬ್ ಒಂದೇ, ಟೀಚರ್ ಒಬ್ಬರೇ. 6 ಸೆಕ್ಷನ್‌ಗೆ ತಲಾ 2 ಜೋಡಿ ಎಂದರೆ 12 ಜೋಡಿ. ಜೊತೆಗೆ ಅವರೇ 9ಎಗೆ ದಿನಾ ಒಂದು ಗಣಿತ ತೆಗೆದುಕೊಳ್ಳಬೇಕು. ಒಟ್ಟು 30 ತಾನೇ, ಆರಾಮ ಅನ್ನಿಸುತ್ತದೆ.

ಆದರೆ 2ನೇ ಪೀರಿಯಡ್ ಆದ ಮೇಲೆ ಸಣ್ಣ ವಿರಾಮ, 4ರ ನಂತರ ಊಟ. ಜೋಡಿ ಇವುಗಳನ್ನು ದಾಟುವಂತಿಲ್ಲ. ಗಣಿತವನ್ನು ದಿನಾ ಮೊದಲ ಪೀರಿಯಡ್‌ಗೇ ಕಟ್ಟಿಹಾಕಿದರೆ (ಎಲ್ಲರ ಬೇಡಿಕೆಯೂ ಅದೇ!) 1-2ರ ಜೋಡಿ ಹೋಯಿತು. ಉಳಿದದ್ದು ದಿನಕ್ಕೆ 2, ಶನಿವಾರ 1. ಒಟ್ಟು 11, ಒಂದು ಕಡಿಮೆ. ಎಷ್ಟು ಅದಲುಬದಲು ಮಾಡಿದರೂ ಕೂರುವುದಿಲ್ಲ.

ಪರಿಹಾರ: ಶನಿವಾರದ ಗಣಿತವನ್ನು ಬುಧವಾರದ 7ನೇ ಪೀರಿಯಡ್‌ಗೆ ತನ್ನಿ. ಬುಧವಾರ 3-4, 5-6 ಲ್ಯಾಬ್ ಹಾಗೇ ಇರುತ್ತದೆ, ಶನಿವಾರ 2 ಜೋಡಿ ಸಿಗುತ್ತದೆ, 12 ಆಯಿತು. 9ಎಗೆ ಒಂದು ದಿನ ಎರಡು ಗಣಿತ ಬರುತ್ತದೆ, ಬರಲಿ.

ವೇಳಾಪಟ್ಟಿ ತಯಾರಿಸುವ FET ಸಾಫ್ಟ್‌ವೇರ್ ಬಳಸುವವರು ವಿರಾಮಗಳನ್ನೂ ಪ್ರತ್ಯೇಕ ಅವಧಿಯಾಗಿ ಸೇರಿಸಿ, ಅಲ್ಲಿ ಪಾಠವಿಲ್ಲ ಎಂದು ಗುರುತಿಸಿ. ಇಲ್ಲದಿದ್ದರೆ 4-5 ಕೂಡ ಅದಕ್ಕೆ ಅಕ್ಕಪಕ್ಕದ ಪೀರಿಯಡ್ಡೇ. FET ಮುಂದೆ ಹೋಗದೆ ಸಿಕ್ಕಿಕೊಂಡಾಗ ತೋರಿಸುವ ತರಗತಿಯನ್ನಷ್ಟೇ ದೂರಬೇಡಿ, ಅದೇ ಟೀಚರ್‌ಗೆ ಹಾಕಿದ ಉಳಿದ ನಿರ್ಬಂಧಗಳನ್ನೂ ನೋಡಿ.