ಕಣ್ಣು ಮುಚ್ಚಿ ನಿಂತೆ, ವಾಲಲಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ದೇವರ ಮನೆ ಮುಂದೆ ಕಣ್ಣು ಮುಚ್ಚಿಕೊಂಡು ಮೂರು ಸಲ ಆತ್ಮಪ್ರದಕ್ಷಿಣೆ ಹಾಕಿದೆ. ಗೋಡೆ ಹಿಡಿಯಲಿಲ್ಲ. ಹೋದ ವರ್ಷ ಇದೇ ಜಾಗದಲ್ಲಿ ಮೊದಲ ಸುತ್ತಿಗೇ ವಾಲಿ, ಉರಿಯುತ್ತಿದ್ದ ದೀಪದ ಮೇಲೆ ಬೀಳುವವಳಿದ್ದೆ. ನಮ್ಮವರು ಓಡಿ ಬಂದು ಹಿಡಿದುಕೊಂಡರು. ಈ ಒಂದು ವರ್ಷ ನನ್ನ ಕೈ ಬಿಡದವರಿಗೆಲ್ಲ ಇವತ್ತು ಧನ್ಯವಾದ ಹೇಳಲೇಬೇಕು.

ಶುರುವಾದದ್ದು ಎರಡೂ ಪಾದಗಳಲ್ಲಿ. ಮೊದಲು ಬೆರಳ ತುದಿ ಜುಮ್ಮೆನ್ನುತ್ತಿತ್ತು, ಆಮೇಲೆ ಹತ್ತಿಯ ಮೇಲೆ ಹೆಜ್ಜೆ ಇಟ್ಟ ಹಾಗೆ ಆಗತೊಡಗಿತು. ಒಂದು ದಿನ ಗಾಂಧಿ ಬಜಾರಿನಲ್ಲಿ ಹೂವು ತೆಗೆದುಕೊಂಡು ನಾಲ್ಕು ಹೆಜ್ಜೆ ನಡೆದಿದ್ದೆ, ಹೂವಿನಾಕೆ ಹಿಂದಿನಿಂದ ಕೂಗಿ, "ಅಮ್ಮಾ, ಚಪ್ಪಲಿ ಇಲ್ಲೇ ಬಿಟ್ಟು ಹೋಗ್ತಿದೀರ" ಅಂದಳು. ಕಾಲಿನಿಂದ ಚಪ್ಪಲಿ ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ವಾಶ್ ಬೇಸಿನ್ ಮೇಲೆ ಮುಗ್ಗರಿಸುತ್ತಿದ್ದೆ. ರಾತ್ರಿ ಕರೆಂಟ್ ಹೋದರೆ ಕೂತಲ್ಲಿಂದ ಏಳುತ್ತಿರಲಿಲ್ಲ.

ಮೊದಲು ತೋರಿಸಿದ ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12.6, ಸರಿಯಾಗಿದೆ, ವಯಸ್ಸಿನ ನಿಶ್ಶಕ್ತಿ ಅಂತ ಹೇಳಿ ಫೋಲಿಕ್ ಆಸಿಡ್ ಮಾತ್ರೆ ಮುಂದುವರಿಸಲು ಬರೆದುಕೊಟ್ಟರು. ಹೀಗೇ ಐದು ತಿಂಗಳು ಕಳೆದವು. ಆ ಐದು ತಿಂಗಳ ನೋವು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಕೊನೆಗೆ ನನ್ನ ಸೊಸೆ ಹಟ ಹಿಡಿದು ನರರೋಗ ತಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಸ್ಕ್ಯಾನಿಂಗಿಗೆ ಮೊದಲೇ ಒಂದು ಶ್ರುತಿಕವೆ ತೆಗೆದು, ಮೇಜಿಗೆ ತಟ್ಟಿ, ನನ್ನ ಕಾಲಿನ ಹೆಬ್ಬೆರಳ ಮೂಳೆಯ ಮೇಲೆ ಇಟ್ಟರು. "ನಡುಗ್ತಿರೋದು ಗೊತ್ತಾಗತ್ತಾ ಅಮ್ಮಾ?" ಇಲ್ಲ. ಹರಡಿನ ಮೇಲೂ ಇಲ್ಲ. ಮೊಣಕಾಲಿನ ಹತ್ತಿರ ಬಂದಾಗ ಸಣ್ಣಗೆ ಗೊತ್ತಾಯಿತು. ಆಮೇಲೆ ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ಬಿಟ್ಟಿದ್ದಾಗ ನಿಂತೆ, ಮುಚ್ಚಿದ ಕೂಡಲೇ ವಾಲಿದೆ. ಕಾಲು ಎಲ್ಲಿದೆ ಅನ್ನುವ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಬೆನ್ನುಹುರಿಯ ಹಿಂಭಾಗದ ನರಗಳಂತೆ. ನನ್ನಲ್ಲಿ ಅವು ಹಾಳಾಗಿದ್ದರಿಂದ ಅಷ್ಟು ದಿನ ಕಣ್ಣೇ ಆ ಕೆಲಸ ಮಾಡುತ್ತಿತ್ತು.

ಇದು ವಿಟಮಿನ್ ಬಿ12 ಕೊರತೆ ಇರಬಹುದು ಅನ್ನಿಸಿ, ಅದರ ಇಂಜೆಕ್ಷನ್ ಕೊಡುವ ಮೊದಲೇ ಅವರು ರಕ್ತ ತೆಗೆಸಿದರು, ಯಾಕೆಂದರೆ ಕೊಟ್ಟ ಮೇಲೆ ಅಂಕಿ ಏರಿಬಿಡುತ್ತೆ, ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಬಿ12 ಬಂದದ್ದು 112. ಸಾಮಾನ್ಯವಾಗಿ 200ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ.

ಮನೆಯಲ್ಲಿ ಮೊಟ್ಟೆ, ಮಾಂಸ ಮೊದಲಿನಿಂದಲೂ ಇಲ್ಲ. ಆರು ವರ್ಷದ ಹಿಂದೆ ಹಾಲು, ಮೊಸರನ್ನೂ ಪೂರ್ತಿ ಬಿಟ್ಟಿದ್ದೆ. ಸೊಪ್ಪು, ಕಾಳು ಯಾವತ್ತೂ ಕಡಿಮೆ ಮಾಡಿದವಳಲ್ಲ, ಆದರೆ ಅವುಗಳಲ್ಲಿ ಬಿ12 ಇರುವುದೇ ಇಲ್ಲ. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ, ಹಾಲು ಬಿಟ್ಟದ್ದಕ್ಕೂ ಕಾಲು ಜುಮ್ಮೆನ್ನುವುದಕ್ಕೂ ಯಾರೂ ಗಂಟು ಹಾಕಿರಲಿಲ್ಲ. ಇನ್ನು ಆ ಫೋಲಿಕ್ ಆಸಿಡ್: ಬಿ12 ಇಲ್ಲದಿದ್ದರೂ ಅದು ರಕ್ತವನ್ನು ಸರಿ ಕಾಣುವಂತೆ ಮಾಡಬಲ್ಲದು, ಆದರೆ ನರದ ಮೇಲಿನ ಹೊದಿಕೆಯನ್ನು ಕಾಪಾಡಲಾರದು. ಹಾಗಾಗಿ ರಿಪೋರ್ಟ್ ಚೆನ್ನಾಗಿತ್ತು, ಒಳಗೆ ಬೆನ್ನುಹುರಿ ಸವೆಯುತ್ತಿತ್ತು.

ಎದುರು ಮನೆಯ ನರ್ಸ್ ಅಕ್ಕ ಮೊದಲ ವಾರ ದಿನಾ, ಆಮೇಲೆ ಒಂದು ತಿಂಗಳು ವಾರಕ್ಕೊಂದು, ಡ್ಯೂಟಿ ಮುಗಿಸಿ ಬಂದು 1000 ಮೈಕ್ರೋಗ್ರಾಮ್ ಇಂಜೆಕ್ಷನ್ ಕೊಟ್ಟರು. ಮಳೆಯಲ್ಲೂ ತಪ್ಪಿಸಲಿಲ್ಲ. ಎರಡನೇ ವಾರ ಉರಿ ಹೆಚ್ಚಾಗಿ ನಾನು ಅತ್ತಾಗ, "ನರ ಎಚ್ಚರ ಆಗ್ತಿದೆ ಕಣೇ, ನಿಲ್ಲಿಸಬೇಡ" ಅಂತ ಪಕ್ಕದಲ್ಲೇ ಕೂತಿದ್ದರು. ಅಕ್ಕಾ, ಆ ಸಂಜೆ ನಾನು ಮರೆಯುವುದಿಲ್ಲ. ಫಿಸಿಯೋಥೆರಪಿಯ ಹುಡುಗ ಹಾಲಿನ ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸುತ್ತಿದ್ದ. ಮೂರು ತಿಂಗಳಿಗೆ ಗೆರೆ ಬಿಡದೆ ಆರು ಹೆಜ್ಜೆ ಬಂತು. ಎಂಟನೇ ತಿಂಗಳಲ್ಲಿ ನಮ್ಮವರ ಕೈ ಹಿಡಿದು ಲಾಲ್‌ಬಾಗಿನ ಬಂಡೆ ಹತ್ತಿದೆ, ಇಳಿದೆ.

ಎಲ್ಲವೂ ವಾಪಸ್ ಬಂದಿಲ್ಲ. ಎಡಗಾಲಿನ ಎರಡು ಬೆರಳು ಇನ್ನೂ ಮರಗಟ್ಟಿವೆ, ತಡವಾಗಿ ಹಿಡಿದದ್ದರಿಂದ ಅಷ್ಟು ಹಾಗೇ ಉಳಿಯಬಹುದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಈಗ ಮೊಸರು ಮತ್ತೆ ಊಟಕ್ಕೆ ಬಂದಿದೆ, ಆದರೂ ತಿಂಗಳ ಇಂಜೆಕ್ಷನ್ ನಿಲ್ಲಿಸಿಲ್ಲ.

ಹೋದ ವಾರ ಡಾಕ್ಟರಮ್ಮ ಅದೇ ಶ್ರುತಿಕವೆಯನ್ನು ಬಲಗಾಲಿನ ಹೆಬ್ಬೆರಳಿಗೆ ಇಟ್ಟರು. ನಡುಕ ಗೊತ್ತಾಯಿತು. "ನಿಂತಾಗ ಹೇಳಿ" ಅಂದರು. ಅದು ನಿಲ್ಲುವವರೆಗೂ ನಾನು, ನನ್ನ ಸೊಸೆ, ಅವರು, ಮೂವರೂ ಮಾತಾಡಲಿಲ್ಲ.