ಓದಿದ್ದು ಉಳಿಯಬೇಕಾದರೆ ರಿಮೈಂಡರ್ ಪ್ರಶ್ನೆ ಕೇಳಬೇಕು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಧಾರವಾಡದ ರೂಮಿನಿಂದ ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಬೆಳಿಗ್ಗೆ ಐದಕ್ಕೆ "ಓದು", ಹನ್ನೊಂದಕ್ಕೆ "ಸಂವಿಧಾನ", ಸಂಜೆ ಏಳಕ್ಕೆ "ರಿವಿಷನ್". ಈಗ ಅಲಾರಾಂ ಹೊಡೆದರೂ ಕೈ ತಾನಾಗಿಯೇ ಆಫ್ ಮಾಡಿಬಿಡುತ್ತದೆ, ಹೋದ ತಿಂಗಳು ಓದಿದ ಪಂಚಾಯತ್ ರಾಜ್ ಮಾಕ್ ಟೆಸ್ಟಿನಲ್ಲಿ ಕೈಕೊಟ್ಟಿತು ಎಂದು ಬರೆದಿದ್ದೀಯ. ಪಿಡಿಒ ಪರೀಕ್ಷೆಗೆ ಕೂರುವವನಿಗೆ ಆ ಪಾಠವೇ ಕೈಕೊಟ್ಟರೆ ಬೇಜಾರಾಗುವುದು ಸಹಜ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಕೆಲಸ ಒಂದರಲ್ಲೊಂದು ಸೇರಿಕೊಂಡಿವೆ. ಐದು ಗಂಟೆಯದು ಅಭ್ಯಾಸದ ರಿಮೈಂಡರ್: ಎದ್ದು ಪುಸ್ತಕದ ಮುಂದೆ ಕೂರಿಸುವುದಷ್ಟೇ ಅದರ ಕೆಲಸ. ಏಳು ಗಂಟೆಯದು ನೆನಪಿನ ರಿಮೈಂಡರ್: ಹಳೆಯದನ್ನು ಮರೆಯುವ ಮೊದಲು ಎದುರಿಗೆ ತರಬೇಕು. ಅಭ್ಯಾಸದ್ದು ದಿನಾ ಬೇಕು, ನೆನಪಿನದು ದಿನಾ ಬೇಡ. ನೀನು ಎರಡನ್ನೂ ದಿನಾ ಹೊಡೆಯುವ ಗಂಟೆ ಮಾಡಿದ್ದೀಯ. ಮೊದಲು ನೆನಪಿನದನ್ನೇ ನೋಡೋಣ, ಅದೇ ದೊಡ್ಡದು.

ಒಂದು ಪಾಠವನ್ನು ಒಂದೇ ದಿನ ಐದು ಸಲ ಓದುವುದಕ್ಕಿಂತ, ಅದೇ ಐದು ಸಲವನ್ನು ವಾರಗಳ ಮೇಲೆ ಹರಡಿದರೆ ಜಾಸ್ತಿ ಕಾಲ ಉಳಿಯುತ್ತದೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ ಇದನ್ನು 1885ರಲ್ಲೇ ಬರೆದಿಟ್ಟ. ಎಷ್ಟು ದಿನ ಬಿಡಬೇಕು ಎನ್ನುವುದಕ್ಕೆ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಮಗೆ ಉಪಯೋಗವಾಗುತ್ತದೆ. ಜನರಿಗೆ ಸಾಮಾನ್ಯ ಜ್ಞಾನದ ಸಂಗತಿಗಳನ್ನು ಕಲಿಸಿ, ಸ್ವಲ್ಪ ದಿನ ಬಿಟ್ಟು ಒಮ್ಮೆ ರಿವಿಷನ್ ಮಾಡಿಸಿ, ಆಮೇಲೆ ಪರೀಕ್ಷೆ ಕೊಟ್ಟರು. ರಿವಿಷನ್ ಆಗಿ 35 ದಿನಕ್ಕೆ ಪರೀಕ್ಷೆ ಇದ್ದಾಗ, ಓದಿಗೂ ರಿವಿಷನ್‌ಗೂ ನಡುವೆ 11 ದಿನ ಬಿಟ್ಟವರು ಚೆನ್ನಾಗಿ ಮಾಡಿದರು. ಪರೀಕ್ಷೆ 70 ದಿನಕ್ಕೆ ಇದ್ದಾಗ 21 ದಿನದ ಅಂತರ ಒಳ್ಳೆಯದಾಯಿತು. ಅಂದರೆ ಸರಿಯಾದ ಅಂತರ ಅಂತ ಒಂದೇ ಇಲ್ಲ, ಪರೀಕ್ಷೆ ದೂರ ಇದ್ದಷ್ಟೂ ಅಂತರವೂ ಅಗಲ ಆಗಬೇಕು. ನಿನ್ನ ಏಳು ಗಂಟೆಯ "ರಿವಿಷನ್"ಗೆ ನಿನ್ನೆ ಓದಿದ ಪಾಠವೂ ಒಂದೇ, ಹೋದ ತಿಂಗಳು ಓದಿದ್ದೂ ಒಂದೇ.

ನನಗೆ ಹೊಂದಿದ ಅಂತರ ಹೀಗಿದೆ: 1, 3, 7, 16, 35 ದಿನ. ಜೂನ್ 1ಕ್ಕೆ ಪಂಚಾಯತ್ ರಾಜ್ ಓದಿದೆ ಅಂದುಕೋ. ಮೊದಲ ರಿವಿಷನ್ ಜೂನ್ 2, ಆಮೇಲೆ ಜೂನ್ 5, ಜೂನ್ 12, ಜೂನ್ 28, ಕೊನೆಯದು ಆಗಸ್ಟ್ 2. ಈ ಸಂಖ್ಯೆಗಳೇನೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಒಂದೆರಡು ದಿನ ಆಚೀಚೆ ಆದರೂ ನಡೆಯುತ್ತದೆ. ಆದರೆ ಐದೂ ದಿನಾಂಕಗಳನ್ನು ಮೊದಲೇ ಫೋನಿಗೆ ಹಾಕಿಡಬೇಡ. ಮುಂದಿನದನ್ನು ಮಾತ್ರ ಹಾಕು. ಆ ದಿನ ಸರಿ ಉತ್ತರ ಬಂದರೆ ಮುಂದಿನ ಅಂತರಕ್ಕೆ ಹೋಗು. ತಡವರಿಸಿದರೆ ಅದೇ ಅಂತರ ಇನ್ನೊಂದು ಸಲ. ಪೂರ್ತಿ ತಪ್ಪಿದರೆ ಮತ್ತೆ ನಾಳೆಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪೆಟ್ಟಿಗೆಯ ಖಾನೆಗಳಲ್ಲಿ ಚೀಟಿ ಇಟ್ಟು ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಫೋನಿನಲ್ಲಿ Anki ಎನ್ನುವ ಆ್ಯಪ್ ಈ ಲೆಕ್ಕ ತಾನೇ ಹಾಕಿಕೊಡುತ್ತದೆ. ಫೋನ್ ತೆಗೆದರೆ ರೀಲ್ಸ್‌ಗೆ ಹೋಗುತ್ತೇನೆ ಅನ್ನುವವನಿಗೆ ದಿನಾಂಕ ಇರುವ ಡೈರಿ ಸಾಕು. ನೀನು ಯಾರು ಅಂತ ನಿನಗೇ ಗೊತ್ತಲ್ವಾ.

ಇನ್ನು ರಿಮೈಂಡರಿನಲ್ಲಿ ಏನು ಬರೆಯಬೇಕು ಎನ್ನುವುದು. "ಪಂಚಾಯತ್ ರಾಜ್ ಓದು" ಎಂದು ಬರೆದರೆ ನೀನು ನೋಟ್ಸ್ ತೆಗೆದು ಕಣ್ಣಾಡಿಸುತ್ತೀಯ. ಎಲ್ಲಾ ಪರಿಚಯದ ಮುಖ ಕಂಡ ಹಾಗೆ ಇರುತ್ತದೆ, ಗೊತ್ತು ಅನ್ನಿಸುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಎದುರಿಗೆ ಬಂದಾಗ ಗೊತ್ತಿಲ್ಲ ಎಂದು ತಿಳಿಯುತ್ತದೆ. ಅದರ ಬದಲು ರಿಮೈಂಡರೇ ಪ್ರಶ್ನೆ ಆಗಿರಲಿ: "ರಾಜ್ಯ ಹಣಕಾಸು ಆಯೋಗ ಯಾವ ವಿಧಿ? ಯಾರು ರಚಿಸುತ್ತಾರೆ? ಎಷ್ಟು ವರ್ಷಕ್ಕೊಮ್ಮೆ?" ನೋಟ್ಸ್ ಮುಚ್ಚಿಟ್ಟು, ಉತ್ತರವನ್ನು ರಫ್ ಹಾಳೆಯಲ್ಲಿ ಬರೆದು, ಆಮೇಲೆ ತೆರೆದು ನೋಡು. 243(ಐ), ರಾಜ್ಯಪಾಲರು, ಐದು ವರ್ಷ. ನೆನಪಿನಿಂದ ಎಳೆದು ತೆಗೆಯುವ ಆ ಒದ್ದಾಟದಲ್ಲೇ ನೆನಪು ಗಟ್ಟಿಯಾಗುವುದು. ಬರೀ ಓದಿ ಮುಗಿಸಿದ್ದನ್ನು ರಿವಿಷನ್ ಅಂತ ಲೆಕ್ಕಕ್ಕೆ ಹಿಡಿಯಬೇಡ.

ಪ್ರಶ್ನೆ ಚಿಕ್ಕದಾಗಿರಲಿ. "ಪಂಚಾಯ್ತಿ ಮೀಸಲಾತಿ ವಿವರಿಸಿ" ಎಂದರೆ ಅರ್ಧ ಸರಿ, ಅರ್ಧ ತಪ್ಪು ಬರುತ್ತದೆ, ಮುಂದಿನ ದಿನಾಂಕ ಹೇಗೆ ಹಾಕುತ್ತೀಯ? ಅದನ್ನು ಒಡೆ. ಮಹಿಳೆಯರಿಗೆ ಸಂವಿಧಾನದ 243(ಡಿ) ಪ್ರಕಾರ ಕನಿಷ್ಠ ಎಷ್ಟು? ಮೂರನೇ ಒಂದು ಭಾಗ. ಕರ್ನಾಟಕದ ಕಾಯ್ದೆಯಲ್ಲಿ ಎಷ್ಟು? ಶೇ. 50. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಒಂದರಲ್ಲೇ ತುರುಕಿದರೆ ಸಂವಿಧಾನಕ್ಕೆ ಶೇ. 50 ಎಂದು ಗುರುತು ಹಾಕಿ ಬರುತ್ತೀಯ, ನೆಗೆಟಿವ್ ಮಾರ್ಕಿಂಗ್ ಇರುವ ಕಡೆ ಅದಕ್ಕೆ ಇನ್ನೊಂದು ಪೆಟ್ಟು.

ಕೆಲವು ಪ್ರಶ್ನೆ ಎಷ್ಟು ಸಲ ಬಂದರೂ ತಪ್ಪುತ್ತವೆ. ಅವನ್ನು ಮತ್ತೆ ಮತ್ತೆ ನಾಳೆಗೆ ತಳ್ಳುತ್ತಾ ಹೋದರೆ ಪ್ರಯೋಜನ ಇಲ್ಲ. ಒಂದು ಪ್ರಶ್ನೆ ನಾಲ್ಕೈದು ಸಲ ತಪ್ಪಿತು ಅಂದರೆ ತೊಂದರೆ ಅಂತರದ್ದಲ್ಲ, ಪ್ರಶ್ನೆಯದ್ದು. ಒಂದೇ ಥರದ ಎರಡು ಸಂಗತಿಗಳು ತಲೆಯಲ್ಲಿ ಗುದ್ದಾಡುತ್ತಿರುತ್ತವೆ. ನಿನ್ನ ಟೆಸ್ಟಿನಲ್ಲಿ 243(ಐ), 243(ಜೆ), 243(ಕೆ) ಅದಲು ಬದಲಾಗಿದ್ದು ಅದಕ್ಕೇ. ಬಿಡಿಬಿಡಿಯಾಗಿ ಉರುಹೊಡೆದರೆ ಅವು ನಿಲ್ಲುವುದಿಲ್ಲ. 243(ಎಚ್)ನಿಂದ ಶುರು ಮಾಡಿ ಸಾಲಾಗಿ ನೋಡು. ಎಚ್ ಎಂದರೆ ಪಂಚಾಯ್ತಿಯ ತೆರಿಗೆ ಅಧಿಕಾರ, ಐ ಹಣಕಾಸು ಆಯೋಗ, ಜೆ ಲೆಕ್ಕ ತಪಾಸಣೆ, ಕೆ ಚುನಾವಣೆ. ದುಡ್ಡು ಎತ್ತು, ದುಡ್ಡು ಹಂಚು, ಲೆಕ್ಕ ಕೊಡು, ಮತ ಕೇಳು. ನಾಲ್ಕನ್ನೂ ಸೇರಿಸಿ "ಎಚ್‌ನಿಂದ ಕೆವರೆಗೆ ಸಾಲಾಗಿ ಹೇಳು" ಎಂದು ಒಂದೇ ಪ್ರಶ್ನೆ ಮಾಡಿ, ಹಳೆಯ ಮೂರನ್ನು ಹೊಡೆದುಹಾಕು. 11ನೇ ಅನುಸೂಚಿಯ 29 ವಿಷಯ, 12ನೇ ಅನುಸೂಚಿಯ 18 ವಿಷಯವೂ ಹೀಗೇ ಗುದ್ದಾಡುತ್ತವೆ. ಹಳ್ಳಿಯದಕ್ಕೆ ಜಾಸ್ತಿ, ಪಟ್ಟಣದ್ದಕ್ಕೆ ಕಮ್ಮಿ ಎಂದು ಒಟ್ಟಿಗೇ ಇಟ್ಟುಕೋ.

ಅಂತರ ಸರಿ ಇದೆಯೋ ಇಲ್ಲವೋ ಎನ್ನುವುದನ್ನು ವಾರಕ್ಕೊಮ್ಮೆ ಎಣಿಸಿದರೆ ಗೊತ್ತಾಗುತ್ತದೆ. ಹತ್ತು ಹಳೆಯ ಪ್ರಶ್ನೆಯಲ್ಲಿ ಎಂಟೋ ಒಂಬತ್ತೋ ಸರಿ ಬರುತ್ತಿದ್ದರೆ ಚೆನ್ನಾಗಿದೆ. ಹತ್ತಕ್ಕೆ ಹತ್ತೂ ಸಲೀಸಾಗಿ ಬರುತ್ತಿದ್ದರೆ ಖುಷಿಪಡಬೇಡ, ಬೇಗ ಬೇಗ ಕೇಳಿಕೊಂಡು ಸುಮ್ನೆ ಸಮಯ ಕಳೆಯುತ್ತಿದ್ದೀಯ ಎಂದರ್ಥ. ಐದಕ್ಕಿಂತ ಕಮ್ಮಿ ಆದರೆ ಅಂತರ ಜಾಸ್ತಿಯಾಗಿದೆ, ಇಲ್ಲವೇ ಪಾಠವೇ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಯಾವ ರಿಮೈಂಡರೂ ಉಳಿಸುವುದಿಲ್ಲ, ಮೊದಲು ಮತ್ತೆ ಓದಬೇಕು.

ದಿನಕ್ಕೆಷ್ಟು ಹೊತ್ತು ಬೇಕು ಅಂತ ನೀನು ಕೇಳಿದ್ದೆಯಲ್ಲ. ದಿನಾ ಒಂದು ಹೊಸ ಪಾಠ ಓದಿದರೆ, ಎರಡು ತಿಂಗಳಾಗುವ ಹೊತ್ತಿಗೆ ಪ್ರತಿದಿನ ಐದು ಹಳೆಯ ಪಾಠ ಎದುರಿಗೆ ಬರುತ್ತವೆ, ಅಂತರ ಒಂದಕ್ಕೊಂದರಂತೆ. ಪಾಠಕ್ಕೆ ಹತ್ತು ನಿಮಿಷ ಅಂದರೂ ಐವತ್ತು ನಿಮಿಷ. ತಪ್ಪಿದ್ದು ಮರಳಿ ಬರುವುದನ್ನೂ ಸೇರಿಸಿ ಒಂದೂಕಾಲು ಗಂಟೆ ಎತ್ತಿಡು. ದಿನಕ್ಕೆ ಮೂರು ಹೊಸ ಪಾಠ ಎಂದು ಹೊರಟರೆ ಇದೇ ಮೂರೂಮುಕ್ಕಾಲು ಗಂಟೆ ಆಗುತ್ತದೆ. ಮೊದಲ ವಾರ ಹಗುರ ಇರುವುದರಿಂದ ಇದು ಕಾಣುವುದೇ ಇಲ್ಲ, ಐದಾರನೇ ವಾರಕ್ಕೆ ಹೊರೆ ಮೈಮೇಲೆ ಬೀಳುತ್ತದೆ. ಸುಮಾರು ಹುಡುಗರು ಬಿಟ್ಟುಬಿಡುವುದು ಆಗಲೇ.

ಅಕ್ಕನ ಮದುವೆಗೆ ನಾಲ್ಕು ದಿನ ಊರಿಗೆ ಹೋಗುತ್ತೀಯಲ್ಲ, ಬಂದಾಗ ಇಪ್ಪತ್ತು ಪಾಠ ಕಾದಿರುತ್ತವೆ. ಎಲ್ಲವನ್ನೂ ಒಂದೇ ರಾತ್ರಿಗೆ ಮುಗಿಸಲು ಹೋಗಬೇಡ. ಒಂದೆರಡು ದಿನ ಹೊಸ ಪಾಠ ನಿಲ್ಲಿಸು. ಚಿಕ್ಕ ಅಂತರದವನ್ನು ಮೊದಲು ಮುಗಿಸು. ನಾಳೆ ಬರಬೇಕಿದ್ದ ಪಾಠ ನಾಲ್ಕು ದಿನ ತಡವಾದರೆ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. 35 ದಿನಕ್ಕೆ ಬರಬೇಕಿದ್ದದ್ದು 39ಕ್ಕೆ ಬಂದರೆ ಅಂಥ ವ್ಯತ್ಯಾಸ ಏನಿಲ್ಲ.

ಈಗ ಬೆಳಿಗ್ಗೆ ಐದರ ಅಲಾರಾಂಗೆ ಬರೋಣ. ಅಭ್ಯಾಸವನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ನೀನು ಹೇಗೂ ಮಾಡುವ ಒಂದು ಕೆಲಸಕ್ಕೆ ಕಟ್ಟು. "ಲೈಬ್ರರಿಯಲ್ಲಿ ಬ್ಯಾಗ್ ಇಟ್ಟ ತಕ್ಷಣ, ನೀರಿನ ಬಾಟಲಿ ತೆಗೆಯುವ ಮೊದಲು, ಇವತ್ತಿನ ಹಳೆಯ ಪ್ರಶ್ನೆ" ಎಂದು ಡೈರಿಯ ಮೊದಲ ಪುಟದಲ್ಲಿ ಬರೆ. ರೂಮಿನ ಕರೆಂಟ್ ಹೋಗಲಿ, ಬಸ್ ತಡವಾಗಲಿ, ಬ್ಯಾಗ್ ಇಡುವುದಂತೂ ತಪ್ಪುವುದಿಲ್ಲ. ಮೊದಲ ಎರಡು ವಾರ ಫೋನ್ ದಿನಾ ನೆನಪಿಸಲಿ. ಮೂರನೇ ವಾರದಿಂದ ದಿನ ಬಿಟ್ಟು ದಿನ, ಆರನೇ ವಾರದಿಂದ ಸೋಮವಾರ ಮಾತ್ರ. ಗಂಟೆ ಹೊಡೆಯದ ದಿನವೂ ಕೂತೆಯಾ ಎಂದು ಡೈರಿಯಲ್ಲಿ ಗುರುತು ಹಾಕು. ಕೂರಲಿಲ್ಲವಾದರೆ ಅಭ್ಯಾಸ ಇನ್ನೂ ಫೋನಿನದು, ನಿನ್ನದಾಗಿಲ್ಲ. ಹಿಂದಿನ ಹಂತಕ್ಕೆ ಹೋಗು.

21 ದಿನದಲ್ಲಿ ಅಭ್ಯಾಸ ಆಗುತ್ತದೆ ಎಂದು ಯಾರೋ ಹೇಳಿದರು ಅಂದೆಯಲ್ಲ, ಅದನ್ನು ನಂಬಬೇಡ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದಾಗ ನಡುವಿನ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರದನ್ನು ಲೆಕ್ಕ ಹಾಕಿದರೆ 254ರವರೆಗೂ ಹೋಯಿತು. ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಆಗಲಿಲ್ಲ ಎನ್ನುವುದೂ ಅದರಲ್ಲೇ ಇದೆ. ನಾಲ್ಕನೇ ವಾರದಲ್ಲಿ ಇನ್ನೂ ಕಷ್ಟ ಅನ್ನಿಸಿದರೆ ಅದು ಮಾಮೂಲಿ.

ಮೆಂಟಲ್ ಎಬಿಲಿಟಿಗೆ ಈ ಪ್ರಶ್ನೆ-ಚೀಟಿ ಹೊಂದುವುದಿಲ್ಲ. ಅದೇ ಲೆಕ್ಕವನ್ನು ಮತ್ತೆ ಕೇಳಿದರೆ ಉತ್ತರ ನೆನಪಾಗುತ್ತದೆ, ದಾರಿ ಅಲ್ಲ. ಅಲ್ಲಿ ದಿನಾಂಕಕ್ಕೆ "ರಕ್ತಸಂಬಂಧ, ಹೊಸ ಐದು ಲೆಕ್ಕ" ಎಂದು ಬರೆ. ಪ್ರಚಲಿತ ಘಟನೆಯಲ್ಲಿ ತಿಂಗಳ ಕೊನೆಗೆ ಕೂತು ಮುಖ್ಯ ಅಲ್ಲದ್ದನ್ನು ಹೊಡೆದುಹಾಕು, ಇಲ್ಲದಿದ್ದರೆ ಅದೊಂದೇ ನಿನ್ನ ಹೊತ್ತನ್ನೆಲ್ಲ ತಿನ್ನುತ್ತದೆ. ಪರೀಕ್ಷೆಗೆ ಎರಡು ವಾರ ಇರುವಾಗ ಹೊಸ ಪ್ರಶ್ನೆ ಸೇರಿಸುವುದು ನಿಲ್ಲಿಸು. ಆಗ ಪರೀಕ್ಷೆಯ ಆಚೆಗೆ ಬೀಳುವ ದಿನಾಂಕಗಳನ್ನೆಲ್ಲ ಈಚೆಗೆ ಎಳೆದು, ಒಂದೊಂದು ಸಲ ಕೇಳಿಕೊಂಡು ಮುಗಿಸು.

ಈ ಭಾನುವಾರ ಪಂಚಾಯತ್ ರಾಜ್‌ನಿಂದ ಹತ್ತು ಪ್ರಶ್ನೆ ಬರೆದು ಫೋಟೋ ಕಳಿಸು. ಯಾವುದನ್ನು ಒಡೆಯಬೇಕು, ಯಾವುದನ್ನು ಸೇರಿಸಬೇಕು ಅಂತ ಗುರುತು ಹಾಕಿ ಸೋಮವಾರ ಬೆಳಿಗ್ಗೆಯೊಳಗೆ ವಾಪಸ್ ಕಳಿಸುತ್ತೇನೆ. ಅಕ್ಕನ ಮದುವೆಗೆ ನಾನೂ ಬರುತ್ತೇನೆ ಅಂತ ಅಮ್ಮನಿಗೆ ಹೇಳು.

ನಿನ್ನ ಗೆಳೆಯ